ಹಲ್ಲು ಕೂಸ್ತೈತೆ

ಆ ಊರಿನಲ್ಲಿ ಜನರ ಬಾಯಿ ತೆರೆಸಿ ಒಳಗೆ ಇಣುಕುವ ಕೆಲಸ ಎರಡು ಕಡೆ ನಡೆಯುತ್ತಿತ್ತು. ಒಂದು ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯೊಂದರಲ್ಲಿದ್ದ ನನ್ನ ಹಲ್ಲಿನ ಕೋಣೆಯಲ್ಲಿ, ಇನ್ನೊಂದು ಗಣಿಯ ಗೇಟಿನಲ್ಲಿ. ನಾನು ಹುಳುಕು ಹುಡುಕುತ್ತಿದ್ದೆ, ಗೇಟಿನವರು ಚಿನ್ನ ಹುಡುಕುತ್ತಿದ್ದರು. ಪಾಳಿ ಮುಗಿಸಿ ಮೇಲೆ ಬಂದವನು ಟೊಪ್ಪಿಗೆ ತೆಗೆದು ಕೊಡವಿ, ಊಟದ ಕ್ಯಾರಿಯರ್ ಬೋರಲು ಮಾಡಿ, ಕೊನೆಗೆ ಬಾಯಿ ಅಗಲಿಸಿ ತೋರಿಸಿದ ಮೇಲೆಯೇ ಆಚೆ ಬರಬೇಕು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು ಇದು. ಗೇಟಿನಲ್ಲಿ ಬಾಯಿ ತೆರೆದು ತೆರೆದು ಅಭ್ಯಾಸವಾಗಿದ್ದರಿಂದ ಗಣಿಯವರು ನನ್ನ ಕುರ್ಚಿಯಲ್ಲಿ ಕೂತ ಕೂಡಲೇ, ಹೇಳುವ ಮೊದಲೇ, ಬಾಯಿ ತೆರೆಯುತ್ತಿದ್ದರು. ಹೊಸದರಲ್ಲಿ ಇದನ್ನು ನನ್ನ ಮೇಲಿನ ನಂಬಿಕೆ ಎಂದು ತಿಳಿದು ಖುಷಿಪಟ್ಟಿದ್ದೆ.

ನಾನೂ ಹುಟ್ಟಾ ಅನುಮಾನದವನೇ. ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡದೆ ಮನೆ ಬಿಟ್ಟವನಲ್ಲ. ಮೈಸೂರು ಕಡೆಯಿಂದ ಬಂದ ನನಗೆ ಅಲ್ಲಿಯ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಕನ್ನಡ ಎಂದು ಶುರುವಾದ ವಾಕ್ಯ ತೆಲುಗಿನ ಮೇಲೆ ಹಾದು ತಮಿಳಿನಲ್ಲಿ ಮುಗಿಯುತ್ತಿತ್ತು. ತಿಳಿಯದ ಮಾತಿನಲ್ಲೆಲ್ಲ ಏನೋ ಮುಚ್ಚುಮರೆ ಇದೆ ಎಂದೇ ನನಗೆ ಅನಿಸುತ್ತಿತ್ತು. ರೋಗಿಗಳು ಸುಳ್ಳು ಹೇಳುತ್ತಾರೆ ಎಂಬುದಂತೂ ನನ್ನ ಗಟ್ಟಿ ನಂಬಿಕೆ. ಗಣಿಯೊಳಗೆ ಇಳಿಯುವುದನ್ನು ತಪ್ಪಿಸಿಕೊಳ್ಳಲು ಹಲ್ಲುನೋವಿನಷ್ಟು ಸುಲಭದ ನೆಪ ಬೇರೆ ಇಲ್ಲ. ಜ್ವರವಾದರೆ ಕಡ್ಡಿ ಇಟ್ಟು ನೋಡಬಹುದು, ನೋವನ್ನು ಯಾವ ಕಡ್ಡಿಯಿಂದ ಅಳೆಯುವುದು? ಅಂಥವರ ಕಾರ್ಡಿನ ಮೇಲೆ ನಾನು ಒಂದೇ ಪದ ಬರೆಯುತ್ತಿದ್ದೆ: ನೆಪ.

ಬಂಗಾರಪೇಟೆಯ ಆಚೆಗಿನ ಹಳ್ಳಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಒಬ್ಬನಿದ್ದ. ಗಣಿಯ ಆಳದಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ. ಮೂವತ್ತರ ವಯಸ್ಸು, ಕಡಿಮೆ ಮಾತು, ಮೂಗಿನ ಮೇಲೆ ಸಣ್ಣ ಗಾಯದ ಕಲೆ. ಮೇಲ್ದವಡೆಯ ಎಡಗಡೆ ಮೊದಲನೆಯ ದೊಡ್ಡ ಹಲ್ಲಿನಲ್ಲಿ ಹುಳುಕು ನರದವರೆಗೆ ಇಳಿದಿತ್ತು. ಕಿತ್ತು ಬಿಡಿ ಎಂದು ಬಂದಿದ್ದ. ನಾನೇ ಬೇಡವೆಂದೆ. ನರ ತೆಗೆದು ಬೇರುಗಳನ್ನು ತುಂಬಿಸಿದರೆ ಹಲ್ಲು ಉಳಿಯುತ್ತದೆ ಎಂದು ಅವನಿಗೆ ಹೇಳಿದೆ. ಆಗ ಅದು ಆ ಕಡೆಗೆಲ್ಲ ಅಪರೂಪದ ಚಿಕಿತ್ಸೆ, ನನಗೆ ಕೈ ತೋರಿಸುವ ಹುಮ್ಮಸ್ಸು.

ಆ ಹಲ್ಲಿಗೆ ಮೂರು ಬೇರು. ಎರಡು ಕೆನ್ನೆಯ ಕಡೆ, ಮುಂದೊಂದು ಹಿಂದೊಂದು. ಮೂರನೆಯದು ಅಂಗುಳಿನ ಕಡೆ, ಎಲ್ಲಕ್ಕಿಂತ ದಪ್ಪ. ಹಲ್ಲಿನ ತಲೆ ಕೊರೆದು ಒಳಗೆ ಹೋದರೆ ನರ ತುಂಬಿದ ಸಣ್ಣ ಕೋಣೆ. ಅದರ ನೆಲದಲ್ಲಿ ಪ್ರತಿ ಬೇರಿಗೂ ಒಂದೊಂದು ಬಾಯಿ, ಅಲ್ಲಿಂದ ಬೇರಿನ ತುದಿಯವರೆಗೆ ಕೂದಲಿನಂಥ ನಾಳ. ಮೂರು ಬೇರು, ಮೂರು ಬಾಯಿ, ತ್ರಿಕೋನ. ನಮಗೆ ಕಾಲೇಜಿನಲ್ಲಿ ಹೀಗೇ ಕಲಿಸಿದ್ದರು. ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಕೆಲವೊಮ್ಮೆ ಇನ್ನೊಂದು ನಾಳ ಇರುತ್ತದೆ ಎಂದು ಪುಸ್ತಕದ ಒಂದು ಮೂಲೆಯಲ್ಲಿ ಓದಿದ ನೆನಪಿತ್ತು. ಪರೀಕ್ಷೆಗೆ ಬರದ ಸಾಲು ಅದು. ನಾನು ಮೂರು ಬಾಯಿ ಹುಡುಕಿದೆ, ಮೂರನ್ನೂ ಫೈಲ್ ಎನ್ನುವ ಸೂಜಿಯಂಥ ಅರದಿಂದ ಕೆರೆದು ತೊಳೆದೆ, ನಾಲ್ಕು ಭೇಟಿಗಳಲ್ಲಿ ಗಟ್ಟಾಪರ್ಚಾ ಎಂಬ ಅಂಟು ತುಂಬಿ ಮುಚ್ಚಿದೆ. ಎಕ್ಸ್‌ರೇಯಲ್ಲಿ ಮೂರು ಬಿಳಿ ಗೆರೆಗಳು ಬೇರಿನ ತುದಿಯ ತನಕ ನೀಟಾಗಿ ಇಳಿದಿದ್ದವು. ಆ ಫಿಲ್ಮನ್ನು ನಾಲ್ಕು ದಿನ ಕಿಟಕಿಯ ಗಾಜಿಗೆ ಅಂಟಿಸಿಕೊಂಡು ಹೋಗಿಬರುವವರಿಗೆಲ್ಲ ತೋರಿಸಿದೆ.

ತಿಂಗಳೊಳಗೆ ಅವನು ವಾಪಸು ಬಂದ. ಬಂದವನು ಕೆನ್ನೆ ಹಿಡಿದುಕೊಂಡು ಹೇಳಿದ:

“ಬಿಸಿ ಕುಡುದ್ರೆ ಹಲ್ಲು ಕೂಸ್ತೈತೆ ಸಾರ್.”

ನನಗೆ ಕೂಸು ಗೊತ್ತು, ಕೂಸುವುದು ಗೊತ್ತಿಲ್ಲ. ಹಲ್ಲಿಗೂ ಕೂಸಿಗೂ ಏನಪ್ಪಾ ಸಂಬಂಧ ಎಂದು ಮನಸ್ಸಿನಲ್ಲೇ ನಕ್ಕು, ಹಲ್ಲಿನ ಡಾಕ್ಟರ ಹತ್ತಿರ ಬಂದವನು ಇನ್ನೇನು ಹೇಳುತ್ತಾನೆ ಎಂದು ಕಾರ್ಡಿನಲ್ಲಿ ‘ನೋವು’ ಎಂದು ಬರೆದುಕೊಂಡೆ. ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದೆ. ನೋವಿಲ್ಲ ಎಂದ. ಒಸಡು ಒತ್ತಿದೆ. ಅಲ್ಲೂ ಇಲ್ಲ. ಕೀವಿಲ್ಲ, ಬಾವಿಲ್ಲ, ಎಕ್ಸ್‌ರೇಯಲ್ಲಿ ಬೇರಿನ ತುದಿ ಸ್ವಚ್ಛ. ನೋವು ಎಂದು ಬಂದು ಎಲ್ಲಿ ಮುಟ್ಟಿದರೂ ನೋವಿಲ್ಲ ಎನ್ನುವವನನ್ನು ಏನೆಂದು ತಿಳಿಯುವುದು? ಅದೂ ಬಿಸಿಗಂತೆ. ನರ ತೆಗೆದ ಹಲ್ಲಿಗೆ ಬಿಸಿ ತಣ್ಣಗೆ ಗೊತ್ತಾಗುವುದಾದರೂ ಹೇಗೆ? ಆ ನರವನ್ನು ನನ್ನ ಕೈಯಾರೆ ತೆಗೆದಿದ್ದೇನೆ. ಎರಡು ದಿನ ರಜೆಯ ಚೀಟಿ ಬರೆದು ಕಳಿಸಿದೆ, ಮನಸ್ಸಿಲ್ಲದ ಮನಸ್ಸಿನಿಂದ.

ಎರಡನೆಯ ಸಲವೂ ಅದೇ ಮಾತು. ಮೇಲಿನ ಫಿಲ್ಲಿಂಗ್ ಎತ್ತರವಾಗಿರಬಹುದೆಂದು ಅದನ್ನು ತೆಗೆದು, ಲವಂಗದೆಣ್ಣೆ ಕಲಸಿದ ತಾತ್ಕಾಲಿಕ ಪುಡಿ ತುಂಬಿ ಕಳಿಸಿದೆ. ಮೂರನೆಯ ಸಲ ಬಂದಾಗ ಅವನೇ ಕೇಳಿದ, ಬಿಚ್ಚಿ ಒಳಗೆ ನೋಡಿ ಸಾರ್, ಏನೋ ಐತೆ ಅಂತ. ರೋಗಿಯೊಬ್ಬ ತಾನಾಗಿ ಹಲ್ಲು ಬಿಚ್ಚಿ ಎಂದು ಕೇಳುವುದು ನನಗೆ ಸರಿಕಾಣಲಿಲ್ಲ. ನಾಳೆ ನೋಡೋಣ ಎಂದು ಸಾಗಹಾಕಿದೆ.

ಆ ನಾಳೆ ಅವನ ಬದಲಿಗೆ ಗಣಿಯ ಕಾವಲು ವಿಭಾಗದ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ, ಬೆಂಗಳೂರಿನ ನಯವಾದ ಕನ್ನಡ. ಕುರ್ಚಿ ಎಳೆದುಕೊಂಡು ಕೂತು, ನನ್ನ ರೋಗಿಯ ಹೆಸರು ಹೇಳಿದರು. ಹಿಂದಿನ ಸಂಜೆ ಗೇಟಿನಲ್ಲಿ ಕಾವಲಿನವನು ಬಾಯೊಳಗೆ ಬೆರಳಾಡಿಸಿದಾಗ ಆ ಹಲ್ಲಿನಿಂದ ಬಿಳಿಯ ಪುಡಿ ಉದುರಿತಂತೆ. ಪುಡಿ ಉದುರಿದ ಜಾಗದಲ್ಲಿ ಹಳ್ಳ ಇತ್ತಂತೆ. ಮೂರು ತಿಂಗಳಲ್ಲಿ ಇವನು ಎಷ್ಟು ಸಲ ಹಲ್ಲು ಬಿಚ್ಚಿಸಿಕೊಂಡಿದ್ದಾನೆ ಎಂದು ಕೇಳಿದರು. ಲೆಕ್ಕ ಹೇಳಿದೆ. ಅವರು ತಲೆಯಾಡಿಸಿದರು. ಆ ಹಲ್ಲಿನಲ್ಲಿ ಎಷ್ಟು ಹಿಡಿಯುತ್ತದೆ ಎಂದರು. ಒಂದು ಜೋಳದ ಕಾಳಿನಷ್ಟು ಎಂದೆ. ದಿನಕ್ಕೊಂದು ಜೋಳದ ಕಾಳು ಚಿನ್ನ ಕಡಿಮೆಯೇ ಡಾಕ್ಟರೇ ಎಂದು ನಕ್ಕರು.

ಕಾರ್ಡಿನ ಜೊತೆ ಇಟ್ಟಿದ್ದ ಎಕ್ಸ್‌ರೇ ಅವರ ಕಣ್ಣಿಗೆ ಬಿತ್ತು. ಬಿಳಿಯ ಗೆರೆಗಳ ಮೇಲೆ ಬೆರಳಿಟ್ಟು, ಇದು ಲೋಹ ತಾನೇ ಎಂದರು. ಅಲ್ಲ, ಮರದ ಹಾಲಿನಿಂದ ಮಾಡಿದ ರಬ್ಬರಿನಂಥ ವಸ್ತು, ಸತುವಿನ ಪುಡಿ ಸೇರಿಸಿರುವುದರಿಂದ ಬಿಳಿ ಕಾಣುತ್ತದೆ ಎಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ. ಹೋಗುವ ಮುಂಚೆ ಬಂದ ಕಾರಣ ಹೇಳಿದರು. ಅವನನ್ನು ಕೆಲಸದಿಂದ ಹೊರಗೆ ನಿಲ್ಲಿಸಿದ್ದಾರೆ. ವಿಚಾರಣೆ ಇದೆ. ಈ ಹಲ್ಲಿನ ಚಿಕಿತ್ಸೆ ಮುಗಿದಿದೆಯೇ, ಅವನು ಹೇಳುವ ತೊಂದರೆ ನಿಜವೇ, ಅದನ್ನು ಮತ್ತೆ ಬಿಚ್ಚಿಸಲು ಕಾರಣವಿದೆಯೇ, ಇಷ್ಟನ್ನು ನಾನು ಬರೆದು ಕೊಡಬೇಕು. ಕಾರಣವಿಲ್ಲ ಎಂದು ಬರೆದರೆ ಅವನ ಕೆಲಸ ಹೋಯಿತು. ಅಲ್ಲಿಗೇ ನಿಲ್ಲದೆ ಪೊಲೀಸಿನವರೆಗೆ ಹೋದರೂ ಹೋದೀತು.

ನಿಜ ಹೇಳುತ್ತೇನೆ, ಆ ಕಾಗದವನ್ನು ನಾನು ಅವತ್ತೇ ಬರೆಯಲು ಕೂತೆ. ಅಧಿಕಾರಿಯ ಮಾತು ಕೇಳಿದ ಮೇಲೆ ನನಗೆ ಎಲ್ಲವೂ ಒಂದಕ್ಕೊಂದು ಕೂಡಿ ಬಂದಂತಾಯಿತು. ತಟ್ಟಿದರೆ ನೋಯದ ನೋವು, ಬಿಚ್ಚಿ ಬಿಚ್ಚಿ ಎನ್ನುವ ಅವಸರ, ಕಣ್ಣು ತಪ್ಪಿಸುವ ನೋಟ. ನನ್ನನ್ನೇ ಕಳ್ಳತನಕ್ಕೆ ಬಳಸಿಕೊಂಡನಲ್ಲ ಎಂದು ಮೈಯೆಲ್ಲ ಉರಿಯಿತು. ಮೊದಲ ಸಾಲು ಬರೆದೆ: ಚಿಕಿತ್ಸೆ ಪೂರ್ಣವಾಗಿದೆ. ಎರಡನೆಯ ಸಾಲಿಗೆ ಬಂದಾಗ ಅವನು ಹೇಳಿದ ತೊಂದರೆ ಏನೆಂದು ಬರೆಯಬೇಕಿತ್ತು. ನನ್ನ ಕೋಣೆಯಲ್ಲಿ ಸಹಾಯಕ್ಕಿದ್ದ ನರ್ಸಮ್ಮ ಅಲ್ಲೇ ಸಲಕರಣೆ ಕುದಿಸುತ್ತಿದ್ದರು. ಆಂಡರ್ಸನ್‌ಪೇಟೆಯಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಏನು ಬರೀತಿದ್ದೀರಿ ಡಾಕ್ಟರ್ ಎಂದು ಕೇಳಿದರು. ನೋವು ಎಂದು ಸುಳ್ಳು ಹೇಳಿಕೊಂಡು ಬರುತ್ತಿದ್ದ ಎಂದೆ.

“ನೋವು ಅಂತ ಯಾವತ್ತು ಹೇಳಿದ್ದಾನೆ?” ಎಂದರು ನರ್ಸಮ್ಮ. “ಮೂರು ಸಲವೂ ಕೂಸ್ತೈತೆ ಅಂತಾನೇ ಹೇಳಿದ್ದು. ನಾನು ಇಲ್ಲೇ ಇದ್ದೆ.”

ಎರಡೂ ಒಂದೇ ಅಲ್ಲವೇ ಎಂದೆ. ಅವರು ಇಕ್ಕಳ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಹುಣಿಸೆಕಾಯಿ ಕಚ್ಚಿದರೆ ಆಗುತ್ತದಲ್ಲ, ಐಸು ಕಚ್ಚಿದರೆ ಜುಮ್ಮೆಂದು ತಲೆಗೆ ಏರುತ್ತದಲ್ಲ, ಅದಕ್ಕೆ ನಮ್ಮ ತಮಿಳಿನಲ್ಲಿ ಕೂಸುವುದು ಎನ್ನುತ್ತಾರೆ, ಗಣಿ ಕಾರ್ಮಿಕರ ಲೈನಿನ ಮನೆಗಳವರ ಜೊತೆ ಕೆಲಸ ಮಾಡಿ ಈ ಹಳ್ಳಿಯವರೂ ಅದನ್ನೇ ಕಲಿತಿದ್ದಾರೆ ಎಂದು ಹೇಳಿದರು. ಸತ್ತ ಹಲ್ಲು ನೋಯಬಹುದು, ಕೀವು ಕಟ್ಟಿದರೆ ಕುಟುಕಬಹುದು. ಆದರೆ ಕೂಸುವುದು ಜೀವ ಇರುವ ಹಲ್ಲು ಮಾತ್ರ, ಅಷ್ಟೂ ಗೊತ್ತಿಲ್ಲವೇ ನಿಮಗೆ ಎಂದರು.

ನನಗೆ ಪೆನ್ನು ಮುಂದೆ ಹೋಗಲಿಲ್ಲ. ಆ ಹಲ್ಲಿನಲ್ಲಿ ಜೀವ ಇದೆ ಎಂದರೆ ನಾನು ಕೆರೆಯದ ನರ ಎಲ್ಲೋ ಉಳಿದಿದೆ. ಮೂರು ನಾಳಗಳೂ ತುದಿಯವರೆಗೆ ತುಂಬಿವೆ. ಹಾಗಾದರೆ ಅದು ಇರುವುದೆಲ್ಲಿ? ಪರೀಕ್ಷೆಗೆ ಬರದ ಆ ಸಾಲು ನೆನಪಾಯಿತು. ಮನೆಗೆ ಹೋಗಿ ಟ್ರಂಕಿನಿಂದ ಪುಸ್ತಕ ತೆಗೆದೆ. ಮೀಸಿಯೋಬಕಲ್ ಬೇರು, ಅಂದರೆ ಕೆನ್ನೆಯ ಕಡೆಯ ಮುಂದಿನ ಬೇರು, ಎದುರಿನಿಂದ ನೋಡಿದರೆ ಸಪೂರ. ಆದರೆ ಕೆನ್ನೆಯಿಂದ ಅಂಗುಳಿನ ಕಡೆಗೆ ಅದು ಅಗಲ, ಹಲಗೆಯಂತೆ. ಆ ಅಗಲದಲ್ಲಿ ಎರಡು ನಾಳಗಳಿಗೆ ಜಾಗ ಧಾರಾಳ. ಎಕ್ಸ್‌ರೇಯನ್ನು ಕೆನ್ನೆಯ ಕಡೆಯಿಂದ ನೇರವಾಗಿ ತೆಗೆಯುವುದರಿಂದ ಎರಡನೆಯದು ಮೊದಲನೆಯದರ ಬೆನ್ನಿಗೆ ಅಡಗಿಕೊಳ್ಳುತ್ತದೆ. ನಾನು ನಾಲ್ಕು ದಿನ ಕಿಟಕಿಗೆ ಅಂಟಿಸಿ ಮೆರೆದ ಫಿಲ್ಮು ಅದನ್ನು ಎಂದೂ ತೋರಿಸುವಂತಿರಲಿಲ್ಲ.

ಆದರೂ ಅನುಮಾನ ಹೋಯಿತೇ? ಇಲ್ಲ. ಅದು ನನ್ನ ಮೇಲೂ ಅವನ ಮೇಲೂ ಸಮನಾಗಿ ಕೂತಿತು ಅಷ್ಟೇ. ಎರಡನೆಯ ನಾಳ ಎಲ್ಲರಿಗೂ ಇರುವುದಿಲ್ಲ. ಕೂಸುವುದನ್ನು ನಟಿಸಲೂ ಬರುತ್ತದೆ. ಹೀಗಾಗಿ ಅವನನ್ನು ಕರೆಸಿ ಒಂದು ಬಲೆ ಹೂಡಿದೆ. ಅಧಿಕಾರಿಯನ್ನೂ ಬರಹೇಳಿದ್ದೆ. ಅವರು ಬಾಗಿಲ ಬಳಿ ಗೋಡೆಗೊರಗಿ ನಿಂತರು.

ಅವನ ಕಣ್ಣಿಗೆ ಟವೆಲು ಹಾಕಿದೆ. ರಬ್ಬರ್ ಹಾಳೆಗೆ ತೂತು ಮಾಡಿ ಒಂದೊಂದೇ ಹಲ್ಲು ಅದರಿಂದ ಹೊರಗೆ ಇಣುಕುವಂತೆ ಮಾಡಿ, ಸಿರಿಂಜಿನಲ್ಲಿ ಕಾಫಿಯಷ್ಟು ಬಿಸಿಯ ನೀರು ಬಿಟ್ಟೆ. ಬೇರೆ ಹಲ್ಲಿಗೆ ನೀರು ತಗಲುವಂತಿಲ್ಲ, ಯಾವ ಹಲ್ಲೆಂದು ಅವನಿಗೆ ಹೇಳುವುದಿಲ್ಲ. ಮೊದಲು ಹಿಂದಿನ ಹಲ್ಲು ಹಿಡಿದು, ಇದೇನಾ ನೋಡು ಎಂದು ಬೇಕೆಂದೇ ಕೇಳಿದೆ. ಸುಳ್ಳುಗಾರನಾದರೆ ಹೂಂ ಅನ್ನಲಿ ಎಂದು. ಬಿಸಿ ಗೊತ್ತಾಯಿತು, ಅಷ್ಟೇ, ಇದಲ್ಲ ಎಂದು ಕೈಯಾಡಿಸಿದ. ಮುಂದಿನ ಹಲ್ಲಿಗೆ ಬಿಟ್ಟೆ. ಅದೂ ಅಲ್ಲ. ಆಮೇಲೆ ಮಾತೇ ಆಡದೆ ನಾನು ತುಂಬಿದ ಹಲ್ಲಿಗೆ ಬಿಟ್ಟೆ. ಕ್ಷಣ ಹೊತ್ತು ಏನೂ ಇಲ್ಲ. ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅವನ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದವು, ಟವೆಲಿನ ಕೆಳಗಿನಿಂದ ಕಣ್ಣೀರು ಇಳಿಯಿತು. ತಣ್ಣೀರು ಬಿಟ್ಟ ಮೇಲೂ ಎಷ್ಟೋ ಹೊತ್ತು ಅವನು ಹಿಡಿ ಬಿಡಲಿಲ್ಲ.

ಎಕ್ಸ್‌ರೇಯ ಕೊಳವೆಯನ್ನು ಈ ಸಲ ನೇರ ಹಿಡಿಯದೆ ಓರೆಯಾಗಿ ಸರಿಸಿ ಇನ್ನೊಂದು ಚಿತ್ರ ತೆಗೆದೆ. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮುಂದಿನ ಬೇರಿನ ಬಿಳಿಗೆರೆ ಬೇರಿನ ನಟ್ಟನಡುವೆ ಇರಲಿಲ್ಲ. ಒಂದು ಅಂಚಿಗೆ ಸರಿದು ನಿಂತಿತ್ತು. ಒಂದೇ ನಾಳ ಇದ್ದಿದ್ದರೆ ಅದು ನಡುವೆ ಇರಬೇಕಾಗಿತ್ತು. ಉಳಿದ ಅರ್ಧ ಖಾಲಿ ಇತ್ತು, ಯಾರಿಗೋ ಜಾಗ ಬಿಟ್ಟಂತೆ. ಅಧಿಕಾರಿಗೆ ತೋರಿಸಿದೆ. ಕಾಣಿಸಿದರೆ ಸರಿ, ಕಾಣದ್ದನ್ನು ತೋರಿಸುತ್ತಿದ್ದೀರಲ್ಲ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಹಲ್ಲು ಬಿಚ್ಚಿದೆ. ಒಳಗಿನಿಂದ ಏನು ಹೊರಬರುತ್ತದೆಂದು ನೋಡಲು ಅಧಿಕಾರಿ ನನ್ನ ಭುಜದ ಮೇಲಿಂದ ಬಗ್ಗಿದರು. ಬಂದದ್ದು ಉದುರಿ ಉಳಿದಿದ್ದ ತಾತ್ಕಾಲಿಕ ಪುಡಿ ಮತ್ತು ಹತ್ತಿ. ಅದನ್ನೂ ಅವರು ಗಾಜಿನ ತಟ್ಟೆಯಲ್ಲಿ ಸೂಜಿಯಿಂದ ಕೆದಕಿ ನೋಡಿದರು. ನಾನು ಹಲ್ಲಿನೊಳಗಿನ ಕೋಣೆಯ ನೆಲವನ್ನು ಒರೆಸಿ ಒಣಗಿಸಿದೆ. ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವ ಭೂತಗನ್ನಡಿ ಒಂದನ್ನು ಪೇಟೆಯಿಂದ ಕೇಳಿ ತಂದಿದ್ದೆ. ಅದರಲ್ಲಿ ನೋಡಿದರೆ ನೆಲ ಕಂದು, ಸುತ್ತಣ ಗೋಡೆ ಬಿಳುಪು. ಮೂರು ಬಾಯಿಗಳನ್ನು ಕೂಡಿಸುವ ಕಪ್ಪು ಗೆರೆಗಳು ನೆಲದಲ್ಲಿ ಇದ್ದವು. ಮುಂದಿನ ಬೇರಿನ ಬಾಯಿಯಿಂದ ಅಂಗುಳಿನ ಬೇರಿನ ಕಡೆಗೆ ಹೊರಟ ಗೆರೆಯೊಂದು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಮುಂದಿನ ಗೋಡೆಯಿಂದ ಚಾಚಿದ ಒಂದು ಬಿಳಿಯ ಅಂಚಿನ ಕೆಳಗೆ ನುಗ್ಗಿ ಮಾಯವಾಗಿತ್ತು. ಮೊದಲ ಸಲ ನಾನು ಆ ಅಂಚನ್ನೇ ಗೋಡೆ ಎಂದುಕೊಂಡು ಬಿಟ್ಟಿದ್ದೆ. ತ್ರಿಕೋನ ಕೊರೆದಿದ್ದೆ, ಅದು ತ್ರಿಕೋನವಲ್ಲ, ಆ ಮೂಲೆಗೆ ಇನ್ನಷ್ಟು ಅಗಲಿಸಿ ಚೌಕಕ್ಕೆ ಹತ್ತಿರ ತರಬೇಕಿತ್ತು.

ಬರ್ ಎಂಬ ಸಣ್ಣ ಗುಂಡುತಲೆಯ ಕೊರೆಯುವ ಕಡ್ಡಿಯನ್ನು ನಿಧಾನಕ್ಕೆ ತಿರುಗಿಸುತ್ತ ಆ ಅಂಚನ್ನು ಸವೆಸತೊಡಗಿದೆ. ಮುಂದಿನ ಗೋಡೆಯ ಕಡೆಗೆ ಸವೆಸಬೇಕು, ಕೆಳಕ್ಕೆ ಒತ್ತುವಂತಿಲ್ಲ. ನೆಲ ತೂತಾದರೆ ಬೇರುಗಳ ಕವಲಿನ ನಡುವಿನ ಮೂಳೆಗೆ ಇಳಿಯುತ್ತದೆ, ಆಮೇಲೆ ಹಲ್ಲನ್ನು ದೇವರೂ ಉಳಿಸಲಾರ. ಸವೆಸುವುದು, ಗಾಳಿ ಊದುವುದು, ಚೂಪು ಮೊನೆಯಿಂದ ಚುಚ್ಚಿ ನೋಡುವುದು. ಮತ್ತೆ ಸವೆಸುವುದು. ಅರ್ಧ ಗಂಟೆಯಾಯಿತು. ಅಧಿಕಾರಿ ಗಡಿಯಾರ ನೋಡಿಕೊಂಡರು. ಇರದೆ ಇರುವುದನ್ನು ಹುಡುಕುತ್ತಿದ್ದೇನೆಯೇ, ಒಬ್ಬ ಕಳ್ಳನನ್ನು ಉಳಿಸಲು ಒಳ್ಳೆಯ ಹಲ್ಲನ್ನು ಹಾಳು ಮಾಡುತ್ತಿದ್ದೇನೆಯೇ ಎಂದು ನನಗೇ ಹೆದರಿಕೆ ಶುರುವಾಯಿತು.

ಕೊನೆಗೊಮ್ಮೆ ಮೊನೆ ಹಿಡಿಯಿತು. ಗಟ್ಟಿ ಜಾಗದಲ್ಲಿ ಅದು ಜಾರುತ್ತದೆ, ಬಾಯಿ ಸಿಕ್ಕರೆ ಕಚ್ಚಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ. ನನ್ನಲ್ಲಿದ್ದ ಅತಿ ಸಣ್ಣ ಫೈಲಿನ ತುದಿಯನ್ನು ಸ್ವಲ್ಪ ಬಗ್ಗಿಸಿ ಅಲ್ಲಿಟ್ಟು, ಒತ್ತದೆ, ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಅತ್ತಿತ್ತ ಆಡಿಸಿದೆ. ಒಂದು ಕೂದಲೆಳೆ ಇಳಿಯಿತು. ಇನ್ನೊಂದು. ಆಗ ಅವನು ಕೈ ಎತ್ತಿದ. ಬಾಯಲ್ಲಿ ರಬ್ಬರ್ ಹಾಳೆ ಇದ್ದುದರಿಂದ ಮಾತು ಬರುತ್ತಿರಲಿಲ್ಲ, ಎತ್ತಿದ ಕೈಯೇ ಕೂಸಿತೆಂಬ ಸನ್ನೆ. ಫೈಲನ್ನು ಹೊರತೆಗೆದು ಕಾಗದದ ಸಣ್ಣ ಬತ್ತಿ ಇಳಿಸಿ ಎಳೆದೆ. ಅದರ ತುದಿ ಕೆಂಪಗಾಗಿತ್ತು, ಜೀವ ಇರುವ ನರದ ಹಸಿ ರಕ್ತ.

ಬತ್ತಿಯನ್ನು ಅಧಿಕಾರಿಯ ತಟ್ಟೆಯಲ್ಲೇ ಇಟ್ಟೆ. ಇದಕ್ಕೇ ಅವನು ಬಿಚ್ಚಿ ಎಂದು ಕೇಳುತ್ತಿದ್ದುದು ಎಂದೆ. ಅವರು ಅದನ್ನೂ ಸೂಜಿಯಿಂದ ತಿರುಗಿಸಿ ನೋಡಿದರು. ಆಮೇಲೆ, ಹಾಗಾದರೆ ಮೊದಲು ಇದು ನಿಮಗೆ ಕಾಣಲಿಲ್ಲವೇ ಎಂದು ಕೇಳಿದರು. ಕಾಣಲಿಲ್ಲ, ಹುಡುಕಲೂ ಇಲ್ಲ ಎಂದೆ. ಹೇಳಿದ ಮೇಲೆ ಹಗುರವಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ನಾಚಿಕೆಯಾಯಿತು.

ಇಂಜೆಕ್ಷನ್ ಕೊಟ್ಟು, ನರ ತೆಗೆದು, ಅಳತೆ ನೋಡಿದೆ. ಆ ನಾಳ ಅಕ್ಕಪಕ್ಕದ ನಾಳವನ್ನು ಎಲ್ಲೂ ಸೇರದೆ ತುದಿಯವರೆಗೆ ಬೇರೆಯಾಗಿಯೇ ಹೋಗುತ್ತಿತ್ತು. ಅದಕ್ಕೇ ಪಕ್ಕದ ನಾಳಕ್ಕೆ ಹಾಕಿದ ಮದ್ದು ಅದಕ್ಕೆ ತಲುಪಿರಲಿಲ್ಲ. ವಾರ ಬಿಟ್ಟು ತುಂಬಿ, ಮೇಲೆ ಬೆಳ್ಳಿಪುಡಿಯ ಗಟ್ಟಿ ಫಿಲ್ಲಿಂಗ್ ಹಾಕಿದೆ. ನರ್ಸಮ್ಮ ಒಂದು ಲೋಟ ಬಿಸಿ ಬಿಸಿ ಕಾಫಿ ತಂದು ಅವನ ಕೈಗಿತ್ತರು. ಅವನು ಎಡಗಡೆಗೇ ಇಟ್ಟುಕೊಂಡು ಕುಡಿದ. ಲೋಟ ಖಾಲಿಯಾಗುವವರೆಗೂ ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಆಗಲೂ ಅನುಮಾನದಿಂದಲೇ. ಏನೂ ಆಗಲಿಲ್ಲ.

ಕಾಗದದಲ್ಲಿ ಎಲ್ಲ ಬರೆದು ಕೊಟ್ಟೆ. ಹಲ್ಲಿನಲ್ಲಿ ನಾಲ್ಕನೆಯ ನಾಳ ಇತ್ತು, ಮೊದಲ ಚಿಕಿತ್ಸೆಯಲ್ಲಿ ನಾನು ಅದನ್ನು ಬಿಟ್ಟಿದ್ದೆ, ಅವನು ಹೇಳಿದ ತೊಂದರೆ ನಿಜ, ಬಿಚ್ಚಿಸಲು ಕಾರಣವಿತ್ತು. ವಿಚಾರಣೆ ಕೈಬಿಟ್ಟು ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ನಾನು ಕಾರ್ಡುಗಳ ಕಪಾಟು ತೆಗೆದು, ನೆಪ ಎಂದು ಬರೆದಿದ್ದ ಕಾರ್ಡುಗಳನ್ನು ಒಂದೊಂದಾಗಿ ಹುಡುಕಿ, ಅದೇ ಹಲ್ಲಿಗೆ ನಾನು ಬೇರು ತುಂಬಿದ್ದವರನ್ನು ಕರೆಸತೊಡಗಿದೆ. ಕೆಲವರು ಬಂದರು. ಇನ್ನು ಕೆಲವರು ಆಗಲೇ ಬೇರೆ ಕಡೆ ಹಲ್ಲು ಕೀಳಿಸಿಕೊಂಡಿದ್ದರು. ಬಂದವರಲ್ಲಿ ಇಬ್ಬರಿಗೆ ಅದೇ ಅಂಚಿನ ಕೆಳಗೆ ಅದೇ ಬಾಯಿ ಸಿಕ್ಕಿತು.

ಎರಡು ತಿಂಗಳಾದ ಮೇಲೆ ಅವನು ಮತ್ತೆ ಬಂದು ಕುರ್ಚಿಯಲ್ಲಿ ಕೂತ. ಮತ್ತೆ ಕೂಸುತ್ತದೆಯೇ ಎಂದು ಅವನ ಮಾತಿನಲ್ಲೇ ಕೇಳಿದೆ. ಇಲ್ಲ ಎಂದ. ಹಲ್ಲು ಚೆನ್ನಾಗಿದೆ, ಆ ಕಡೆಯೇ ಅಗಿಯುತ್ತಾನೆ. ಮತ್ತೇಕೆ ಬಂದೆ ಎಂದರೆ, ಕಿತ್ತುಬಿಡಿ ಎಂದ.

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡಿಕೊಂಡು ಹೇಳಿದ:

“ಕಾಗ್ದದಾಗೆ ಎಲ್ಲಾ ಸರಿಯೋಯ್ತು ಸಾರ್. ಗೇಟ್ನಾಗೆ ಸರಿಯೋಗ್ಲಿಲ್ಲ. ದಿನಾ ನನ್ನೊಬ್ನೇ ಪಕ್ಕಕ್ಕೆ ನಿಲ್ಸ್ತಾರೆ. ಬಾಯಾಗೆ ಬೆರಳಾಕಿ ಅದೊಂದೇ ಹಲ್ಲು ಅಲ್ಲಾಡ್ಸಿ ನೋಡ್ತಾರೆ. ನನ್ ಜೊತೆ ಇಳಿಯೋರು ಎಲ್ಲಾ ನೋಡ್ತಾ ನಿಂತಿರ್ತಾರೆ. ಹಲ್ಲಿರೋಗಂಟ ಅವ್ರು ಬಿಡಲ್ಲ. ನೀವು ಕೀಳ್ದಿದ್ರೆ ಆಂಡರ್ಸನ್‌ಪೇಟೆ ಬೀದಿಯಾಗೆ ಕೀಳೋನ ತಾವ ಓಗ್ತೀನಿ.”

ಅಧಿಕಾರಿಗೆ ಹೇಳುತ್ತೇನೆ ಎಂದೆ. ಹೇಳಿಯೂ ಹೇಳಿದೆ. ಅವರು ನಯವಾಗಿಯೇ, ತಪಾಸಣೆ ಎಲ್ಲರಿಗೂ ಒಂದೇ ಡಾಕ್ಟರೇ ಎಂದು ಫೋನು ಇಟ್ಟರು. ಮರುದಿನ ಇನ್ನೊಂದು ಪಾಳಿಗೆ ಬದಲಿಸಿಕೊಳ್ಳಲು ಸಾಧ್ಯವೇ ಎಂದು ಅವನನ್ನು ಕೇಳಿದೆ. ಆ ಪಾಳಿಯ ಕಾವಲಿನವರಿಗೂ ಆ ಹಲ್ಲು ಗೊತ್ತಂತೆ. ವಾರವಿಡೀ ತಪ್ಪಿಸಿದೆ. ಅವನು ದಿನವೂ ರೈಲಿಳಿದು, ಪಾಳಿಗೆ ಮುಂಚೆ ಬಂದು ಬಾಗಿಲ ಬಳಿ ಕೂರುತ್ತಿದ್ದ.

ಕಿತ್ತೆ. ನರವಿಲ್ಲದ ಹಲ್ಲು ಹುರಿದ ಕಡಲೆಯಂತೆ ಪುಡಿಯಾಗುತ್ತದೆ. ಇಕ್ಕಳ ಹಾಕಿದ ಕೂಡಲೇ ತಲೆ ಮುರಿಯಿತು. ಮೂರು ಬೇರುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮುಂದಿನ ಬೇರು ಕೊನೆಗೆ ಬಂತು, ಅಗಲವಾಗಿ, ಚಪ್ಪಟೆಯಾಗಿ. ಮುರಿದ ತುದಿಯಲ್ಲಿ ಗಟ್ಟಾಪರ್ಚಾದ ಎರಡು ಗುಲಾಬಿ ಚುಕ್ಕೆಗಳು ಅಕ್ಕಪಕ್ಕ ಕಾಣುತ್ತಿದ್ದವು. ಎರಡೂ ತುಂಬಿದ್ದವು, ಕೆಲಸ ಸರಿಯಾಗಿತ್ತು. ಅಂಥ ಹಲ್ಲನ್ನು ಕಿತ್ತ ಕೈ ನನ್ನದೇ. ನರ್ಸಮ್ಮನಿಗೆ ಕಾಣದಂತೆ ಬೇಸಿನ್ನಿನ ಕಡೆ ತಿರುಗಿ ನಿಂತು ಅತ್ತೆ.

ಅವನು ಹತ್ತಿ ಕಚ್ಚಿಕೊಂಡು ಎದ್ದ. ಬೇರುಗಳನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಡಲು ಹೋದೆ, ನಿನ್ನದು, ಇಟ್ಟುಕೋ ಎಂದು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಬ್ಯಾಡ ಸಾರ್. ಅದು ಜೇಬ್ನಾಗೆ ಯಾತಕ್ಕೈತೆ ಅಂತ ಕೇಳ್ತಾರೆ.”